ಉಳಿದ ಚರ್ಮ ಉಳಿದ ರೋಗವಲ್ಲ

ಮೂಲವ್ಯಾಧಿಯ ನೋವು ಹೋದ ಮೇಲೂ ಗುದದ್ವಾರದ ಅಂಚಿನಲ್ಲಿ ಚರ್ಮ ಜೋತುಬಿದ್ದಿದ್ದರೆ, ‘ಬೇರು ಒಳಗೇ ಇದೆ, ಔಷಧಿ ಹತ್ತಲಿಲ್ಲ’ ಎನ್ನುವವರು ಮುರುಗಮಲ್ಲದ ಸುತ್ತಮುತ್ತಲೂ ಇದ್ದಾರೆ, ಚಿಂತಾಮಣಿ ಪೇಟೆಯಲ್ಲೂ ಇದ್ದಾರೆ. ಬೇರೂ ಇಲ್ಲ, ಗೀರೂ ಇಲ್ಲ. ಹೊರಗಿನ ಮೂಲವ್ಯಾಧಿಯಲ್ಲಿ ಚರ್ಮದಡಿಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಗಂಟು ಊದಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಆ ಗಡ್ಡೆಯನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಹಿಗ್ಗಿದ ಚರ್ಮ ಮಾತ್ರ, ಬಾಣಂತಿಯ ಹೊಟ್ಟೆಯಂತೆ, ಪೂರ್ತಿ ಹಿಂದಿನಂತಾಗುವುದಿಲ್ಲ. ಫಿಷರ್‌ನಲ್ಲೂ ಅಷ್ಟೇ: ಬಿರುಕು ಆರು ವಾರ ದಾಟಿ ಹಳತಾದರೆ ಅದರ ಹೊರತುದಿಯ ಚರ್ಮ ಪದೇ ಪದೇ ಊದಿ ದಪ್ಪಗಾಗುತ್ತದೆ. ಬಿರುಕು ಮಾಗಿದರೂ ಅದು ಉಳಿಯುತ್ತದೆ. ವೈದ್ಯರು ಇದನ್ನು ಸ್ಕಿನ್ ಟ್ಯಾಗ್ ಎನ್ನುತ್ತಾರೆ. ಮೆತ್ತಗೆ, ಚರ್ಮದ್ದೇ ಬಣ್ಣ, ಒತ್ತಿದರೆ ಒಳಗೆ ಹೋಗದು, ನೋಯದು. ಮುಕ್ಕಿದಾಗ ಕೆಂಪಗೆ, ಒದ್ದೆಯಾಗಿ ಹೊರಬಂದು ಮತ್ತೆ ಒಳಸರಿಯುವುದು ಒಳಮೂಲವ್ಯಾಧಿ. ಅದು ಬೇರೆ.

‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬುದೂ ಸುಳ್ಳು. ಆದರೆ ಗಟ್ಟಿಯಾಗಿ ಬೆಳೆಯುತ್ತಿರುವುದು, ಹುಣ್ಣಾಗಿರುವುದು, ರಕ್ತ ಒಸರುವುದು ಟ್ಯಾಗ್ ಎಂದು ಮನೆಯಲ್ಲೇ ತೀರ್ಮಾನಿಸಬಾರದು.

‘ದಾರ ಕಟ್ಟಿದರೆ ಒಣಗಿ ಬೀಳುತ್ತದೆ, ಪುಡಿ ಹಚ್ಚಿದರೆ ಸುಟ್ಟುಹೋಗುತ್ತದೆ’ ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಖಾರ. ಗುದದ್ವಾರದ ಹೊರಚರ್ಮಕ್ಕೆ ಬೆರಳ ತುದಿಯಷ್ಟೇ ನೋವು ತಿಳಿಯುತ್ತದೆ. ಒಳಮೂಲವ್ಯಾಧಿಗೆ ವೈದ್ಯರು ರಬ್ಬರ್ ಬ್ಯಾಂಡ್ ಹಾಕುವುದು ಒಳಪದರಕ್ಕೆ ಅಂಥ ನೋವಿನ ನರಗಳಿಲ್ಲ ಎಂಬ ಕಾರಣಕ್ಕೆ. ಅದನ್ನು ನೋಡಿ ಹೊರಗೆ ದಾರ ಬಿಗಿದರೆ ನರಳಾಟ ಖಚಿತ, ಕೀವೂ ಆಗಬಹುದು. ಸುಡುವ ಪುಡಿ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಟ್ಟು, ಕಲೆಗಟ್ಟಿ ದ್ವಾರವನ್ನೇ ಕಿರಿದಾಗಿಸಬಹುದು.

ಇನ್ನು ‘ಕಂಡದ್ದೆಲ್ಲ ಕತ್ತರಿಸಿಬಿಡಿ’ ಎನ್ನುವವರು. ಹೆರಿಗೆಯ ನಂತರ ಮಲ ಗಟ್ಟಿಯಾಗಿ ಫಿಷರ್ ಆದ ಹೆಣ್ಣುಮಗಳೊಬ್ಬಳನ್ನು ನೆನೆಯಿರಿ. ಹಿಂಭಾಗದಲ್ಲೊಂದು ಟ್ಯಾಗ್, ಮಲ ಹೋಗುವಾಗ ಗಾಜು ಗೀರಿದಂಥ ನೋವು. ಟ್ಯಾಗ್ ಕತ್ತರಿಸಿದರೆ ನೋವು ಹೋಗದು. ನೋವಿರುವುದು ಬಿರುಕಿನಲ್ಲಿ, ಬಿಗಿಹಿಡಿದ ಸ್ನಾಯುವಿನಲ್ಲಿ. ಮೊದಲು ನೀರು, ಸೊಪ್ಪು, ಕಾಳು, ಬೇಕಾದರೆ ಇಸಬಗೋಲು; ದಿನಕ್ಕೆರಡು ಮೂರು ಬಾರಿ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೂರುವುದು; ಸ್ನಾಯು ಸಡಿಲಿಸುವ ಡಿಲ್ಟಿಯಾಜೆಮ್ ಮುಲಾಮನ್ನು ವೈದ್ಯರು ಹೇಳಿದಂತೆ ಆರರಿಂದ ಎಂಟು ವಾರ ಹಚ್ಚುವುದು. ಬಿರುಕು ಮಾಗಿದ ಮೇಲೂ ಟ್ಯಾಗ್ ತೊಂದರೆ ಕೊಟ್ಟರೆ ಆಗ ಯೋಚಿಸಿದರಾಯಿತು.

ಹಾಗೆಂದು ‘ಎಂದೂ ಮುಟ್ಟಬೇಡಿ’ ಎನ್ನುವವರ ಕಡೆಗೂ ನಾನಿಲ್ಲ. ತೊಳೆದರೂ ಮಲ ಅಂಟಿಕೊಂಡು ನವೆ ನಿಲ್ಲದಿದ್ದರೆ, ಬಟ್ಟೆಗೆ ತಾಗಿ ಉರಿಯುತ್ತಿದ್ದರೆ ತೆಗೆಸಬಹುದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯುವ ಸಣ್ಣ ಕೆಲಸ. ಗಾಯ ಆರಲು ಕೆಲವು ವಾರ ಬೇಕು. ಕ್ರೋನ್ಸ್ ಎಂಬ ಕರುಳಿನ ಉರಿಯೂತ ಇರುವವರಲ್ಲಿ ಮಾತ್ರ ಕತ್ತರಿಸಿದ ಗಾಯ ಆರದೆ ಕಾಡಬಹುದು. ಬಹುಕಾಲದ ಭೇದಿ, ತೂಕ ಇಳಿಕೆ ಇದ್ದರೆ ಕತ್ತರಿಗೆ ಮುಂಚೆ ವೈದ್ಯರಿಗೆ ಅದನ್ನು ಹೇಳಿ.