ಪ್ರೊಪೆಲರ್‌ನ ಗೇರು, ಪೈಲಟ್‌ನ ಎರಡು ಗುಂಡಿ

ಘಾಟಿ ಹತ್ತುವಾಗ ಬಸ್ಸಿನ ಡ್ರೈವರ್ ಗೇರು ಇಳಿಸುತ್ತಾನೆ, ಬಯಲಿಗೆ ಬಂದೊಡನೆ ಏರಿಸುತ್ತಾನೆ. ಸಣ್ಣ ವಿಮಾನದ ಪ್ರೊಪೆಲರ್‌ಗೂ ಇಂಥದೇ ಅನುಕೂಲ ಬೇಕು. ಅಲಗಿನ ಓರೆ ಕಡಿಮೆಯಿದ್ದರೆ ಅದು ಪ್ರತಿ ಸುತ್ತಿಗೂ ಸ್ವಲ್ಪವೇ ಗಾಳಿ ಕಚ್ಚುತ್ತದೆ. ಎಂಜಿನ್ ಸರಾಗವಾಗಿ ತಿರುಗಿ ಪೂರ್ಣ ಶಕ್ತಿ ಕೊಡುತ್ತದೆ. ಇದು ನೆಲ ಬಿಡುವಾಗಿನ ಗೇರು. ಆಕಾಶದಲ್ಲಿ ವೇಗ ಬಂದ ಮೇಲೆ ಓರೆ ಹೆಚ್ಚಿರುವುದೇ ಲೇಸು.

‘ಸ್ಥಿರವೇಗದ ಪ್ರೊಪೆಲರ್’ ಈ ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ. ಇಲ್ಲಿ ಸ್ಥಿರವಾಗಿರುವುದು ವಿಮಾನದ ವೇಗವಲ್ಲ, ಎಂಜಿನ್ನಿನ ಸುತ್ತು. ಗವರ್ನರ್ ಎಂಬ ಸಾಧನದೊಳಗೆ ತಿರುಗುವ ಪುಟ್ಟ ತೂಕಗಳೂ ಅವನ್ನು ತಡೆಯುವ ಒಂದು ಸ್ಪ್ರಿಂಗೂ ಇವೆ. ಸುತ್ತು ಹೆಚ್ಚಾದರೆ ತೂಕಗಳು ಹೊರಕ್ಕೆ ಚಾಚಿ ಒಂದು ಕವಾಟವನ್ನು ಸರಿಸುತ್ತವೆ. ಆಗ ಎಣ್ಣೆಯ ಒತ್ತಡ ಬದಲಾಗಿ ಅಲಗು ಇನ್ನಷ್ಟು ಓರೆಯಾಗುತ್ತದೆ, ಹೊರೆ ಹೆಚ್ಚಿ ಸುತ್ತು ಮತ್ತೆ ಮೊದಲಿನಷ್ಟೇ ಆಗುತ್ತದೆ. ಸುತ್ತು ಕುಸಿದರೆ ಇದೆಲ್ಲ ತಿರುಗುಮುರುಗಾಗಿ ನಡೆಯುತ್ತದೆ.

230 ಅಶ್ವಶಕ್ತಿಯ ಹಳೆಯ ಸೆಸ್ನಾ 182 ವಿಮಾನವನ್ನೇ ನೋಡಿ. ಅದರಲ್ಲಿ ಕಪ್ಪು ಗುಂಡಿ ಥ್ರಾಟಲ್. ಅದು ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುತ್ತದೆ. ಅದರ ಫಲ ಕಾಣುವುದು ಮ್ಯಾನಿಫೋಲ್ಡ್ ಒತ್ತಡದ ಮಾಪಕದಲ್ಲಿ, ಪಾದರಸದ ಅಂಗುಲಗಳ ಲೆಕ್ಕದಲ್ಲಿ. ನೀಲಿ ಗುಂಡಿ ಗವರ್ನರ್‌ನ ಸ್ಪ್ರಿಂಗನ್ನು ಬಿಗಿ ಅಥವಾ ಸಡಿಲ ಮಾಡಿ, ಎಷ್ಟು ಸುತ್ತು ಬೇಕೆಂದು ಹೇಳುತ್ತದೆ. ಟೇಕಾಫ್‌ನಲ್ಲಿ ಎರಡನ್ನೂ ಪೂರ್ತಿ ಒಳಕ್ಕೆ ಒತ್ತಿರುತ್ತಾರೆ. ಮೇಲೇರುವಾಗ ಮೊದಲು ಕಪ್ಪು ಗುಂಡಿಯನ್ನು ಎಳೆದು ಒತ್ತಡವನ್ನು 23 ಅಂಗುಲಕ್ಕೆ, ಆಮೇಲೆ ನೀಲಿಯನ್ನು ಎಳೆದು ಸುತ್ತನ್ನು ನಿಮಿಷಕ್ಕೆ 2450ಕ್ಕೆ ತರುವುದು ವಾಡಿಕೆ.

ಶಕ್ತಿ ಹೆಚ್ಚಿಸಬೇಕಾದಾಗ ಕ್ರಮ ತಲೆಕೆಳಗು: ಮೊದಲು ನೀಲಿ, ಆಮೇಲೆ ಕಪ್ಪು. ಸುತ್ತು ಕಡಿಮೆಯಿರುವಾಗಲೇ ಥ್ರಾಟಲ್ ಒತ್ತಿದರೆ, ಟಾಪ್ ಗೇರಿನಲ್ಲಿ ಏರು ಹತ್ತಿಸಿದಂತೆ, ಸಿಲಿಂಡರಿನೊಳಗೆ ಒತ್ತಡವೂ ಕಾವೂ ಮಿತಿಮೀರಬಹುದು. ಯಾವ ಸುತ್ತಿಗೆ ಎಷ್ಟು ಅಂಗುಲ ಸಲ್ಲುತ್ತದೆ ಎಂಬುದನ್ನು ಆಯಾ ವಿಮಾನದ ಕೈಪಿಡಿಯೇ ಹೇಳುತ್ತದೆ. ಇಳಿಯುವ ಮುನ್ನ ನೀಲಿಯನ್ನು ಪೂರ್ತಿ ಒಳಕ್ಕೆ ಒತ್ತಿಡುವುದೂ ಇದಕ್ಕೇ. ಇಳಿಯಲಾಗದೆ ಮತ್ತೆ ಮೇಲೇರಬೇಕಾಗಿ ಬಂದರೆ ಥ್ರಾಟಲ್ ಒಂದನ್ನು ಒತ್ತಿದರೆ ಸಾಕು.

ಈ ಅನುಕೂಲದಲ್ಲೇ ಒಂದು ಅಪಾಯವೂ ಅಡಗಿದೆ. ಈ ಎಂಜಿನ್ನಿಗೆ ಕಾರ್ಬ್ಯುರೇಟರ್ ಇದೆ. ತೇವದ ಹವೆಯಲ್ಲಿ ಅದರೊಳಗೆ ಮಂಜುಗಡ್ಡೆ ಕಟ್ಟಿದರೆ ಶಕ್ತಿ ಕುಗ್ಗುತ್ತದೆ. ಸಾಮಾನ್ಯ ಪ್ರೊಪೆಲರ್ ಆಗಿದ್ದರೆ ಸುತ್ತಿನ ಮುಳ್ಳು ಕೂಡಲೇ ಇಳಿದು ಎಚ್ಚರಿಸುತ್ತಿತ್ತು. ಇಲ್ಲಿ ಗವರ್ನರ್ ಅಲಗಿನ ಓರೆ ತಗ್ಗಿಸಿ ಅದೇ 2450 ಸುತ್ತನ್ನು ಕಾಯ್ದುಕೊಂಡು ಹೋಗುತ್ತದೆ. ಓರೆ ಇನ್ನು ತಗ್ಗಲಾರದ ಹಂತ ತಲುಪಿದ ಮೇಲಷ್ಟೇ ಸುತ್ತು ಬೀಳುವುದು. ಅಷ್ಟರೊಳಗೆ ಶಕ್ತಿ ಬಹಳಷ್ಟು ಸೋರಿಹೋಗಿರುತ್ತದೆ.

ಆದ್ದರಿಂದ ಪೈಲಟ್ ಕಣ್ಣಿಡಬೇಕಾದದ್ದು ಪಕ್ಕದ ಮಾಪಕದ ಮೇಲೆ. ಎತ್ತರ ಬದಲಾಗಿಲ್ಲ, ಥ್ರಾಟಲ್ ಮುಟ್ಟಿಲ್ಲ, ಆದರೂ 23 ಅಂಗುಲ 22ಕ್ಕೆ, 21ಕ್ಕೆ ಇಳಿಯುತ್ತಿದ್ದರೆ ಮೊದಲ ಅನುಮಾನ ಮಂಜುಗಡ್ಡೆಯ ಮೇಲೆ. ಕೂಡಲೇ ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡಬೇಕು. ಮೊದಮೊದಲು ಎಂಜಿನ್ ತುಸು ಒರಟಾಗಿ ಓಡಬಹುದು. ಅದು ಕರಗಿದ ನೀರನ್ನು ನುಂಗುತ್ತಿರುತ್ತದೆ. ಕರಗಿದಂತೆಲ್ಲ ಒತ್ತಡದ ಮುಳ್ಳು ಮತ್ತೆ ಏರುತ್ತದೆ.