ಸಕ್ಕರೆ ಹಾಕದ ಒಂದು ಫ್ಲಾಸ್ಕ್

ದಮ್ಮಾಮಿನ ಒಂದು ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಸಹೋದರರೊಬ್ಬರು ಕಳೆದ ವಾರ ಒಂದು ಪತ್ರ ಹಿಡಿದುಕೊಂಡು ಬಂದರು. "ಮ್ಯಾನೇಜರಿಗೆ ಕೊಡಬೇಕು, ಸ್ವಲ್ಪ ನೋಡಿ ಕೊಡಿ" ಅಂದರು. ಎರಡು ಪುಟ ತುಂಬಾ ದೂರು. ಸಮೋಸದ ಎಣ್ಣೆ ಕಪ್ಪು, ಚಹಾ ಪಾಯಸದ ಹಾಗೆ, ಕೊನೆಯಲ್ಲಿ ತಮಗೆ ಶುಗರ್ ಇದೆ ಅನ್ನೋ ಮಾತು. ನಾವು ಅದನ್ನು ಅರ್ಧ ಪುಟಕ್ಕೆ ಇಳಿಸಿದೆವು. ಇಂಥ ಪತ್ರ ಬರೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಹಾಗಾಗಿ ಏನು ಬಿಟ್ಟೆವು, ಏನು ಉಳಿಸಿದೆವು ಅಂತ ಹೇಳುತ್ತೇವೆ.

ಮೊದಲು ಬಿಟ್ಟದ್ದು ಕಾಯಿಲೆಯ ಮಾತು. ಕೇಳುತ್ತಿರುವುದು ಚಹಾ. ಅದಕ್ಕೆ ನಮ್ಮ ರಕ್ತದ ರಿಪೋರ್ಟು ಮ್ಯಾನೇಜರರ ಫೈಲಿಗೆ ಹೋಗಬೇಕಾಗಿಲ್ಲ. ಇಕಾಮ ನವೀಕರಣ ಹತ್ತಿರ ಬಂದವನಿಗೆ ಈ ಹೆದರಿಕೆ ಸಣ್ಣದಲ್ಲ.

ಎರಡನೆಯದು ಟೀ ಬಾಯ್ ಮೇಲಿನ ದೂರು. ಆ ಹುಡುಗನೂ ನಮ್ಮ ಹಾಗೆ ಊರು ಬಿಟ್ಟು ಬಂದವನೇ. ಹೇಳಿದಷ್ಟೇ ಮಾಡುತ್ತಾನೆ. ಬೆಳಿಗ್ಗೆಯೇ ಸಕ್ಕರೆ ಹಾಕಿ ಕುದಿಸಿದ ಮೇಲೆ ಬೇಡ ಅನ್ನುವವನಿಗೂ ಅದೇ ಚಹಾ. ತಪ್ಪು ಇರುವುದು ಆ ಪದ್ಧತಿಯಲ್ಲಿ.

ಇನ್ನು ಲೆಕ್ಕ. ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೂ ಸುಮಾರು 8 ಗ್ರಾಂ. ದಿನಕ್ಕೆ ನಾಲ್ಕು ಕಪ್ ಕುಡಿದರೆ 32 ಗ್ರಾಂ. ದಿನಕ್ಕೆ ಸುಮಾರು 25 ಗ್ರಾಂಗಿಂತ ಕಡಿಮೆ ಇದ್ದರೆ ಹೆಚ್ಚು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮದು ಬರೀ ಚಹಾದಲ್ಲೇ ದಾಟಿತು. ಆದರೆ "ಸಕ್ಕರೆ ಹಾಕಬೇಡಿ" ಅಂತ ಬರೆದರೆ ಸಾಕಾಗದು. ಡಬ್ಬದ ಹಾಲಿನಲ್ಲಿ ಎರಡು ಬಗೆ. ಇವಾಪರೇಟೆಡ್ ಹಾಲು ನೀರಿಂಗಿಸಿದ ಹಾಲು ಮಾತ್ರ. ಕಂಡೆನ್ಸ್ಡ್ ಹಾಲಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯೇ. ಅದನ್ನು ಸುರಿದು "ಶುಗರ್ ಇಲ್ಲ" ಅಂತ ಕೊಟ್ಟರೂ ಸಿಹಿಯೇ. ಸಂಶಯ ಬಂದರೆ ಡಬ್ಬದ ಮೇಲೆ ಓದಿ: 'ಸ್ವೀಟನ್ಡ್' ಅಂತ ಇರುತ್ತದೆ. ಇದಾವುದೂ ಬೇಡವೆಂದರೆ ನಮ್ಮ ಸುಲೈಮಾನಿ ಇದ್ದೇ ಇದೆ, ಸಕ್ಕರೆ ಬಿಟ್ಟು.

ಕೊನೆಗೆ ಉಳಿದ ಪತ್ರ ಇಷ್ಟು:

"ಮಾನ್ಯರೇ, ಕ್ಯಾಂಟೀನಿನ ಚಹಾವನ್ನು ಸಕ್ಕರೆ ಇಲ್ಲದೆ ಕುದಿಸಿ, ಸಕ್ಕರೆಯನ್ನು ಪಕ್ಕದಲ್ಲಿ ಇಡಿಸಬೇಕೆಂದು ವಿನಂತಿ. ಅದು ಕಷ್ಟವಾದರೆ ಒಂದು ಫ್ಲಾಸ್ಕ್ ಮಾತ್ರ ಬೇರೆ ಇಟ್ಟರೂ ಸಾಕು. ಹಾಲು ಸಿಹಿ ಸೇರಿಸದ್ದಾಗಿರಲಿ. ವಾರದಲ್ಲಿ ಎರಡು ದಿನ ಸಮೋಸದ ಬದಲು ಬೇಯಿಸಿದ ಕಡಲೆ, ಮೊಟ್ಟೆ ಅಥವಾ ಬಾಳೆಹಣ್ಣು ಕೊಡಬಹುದೇ? ಎರಡು ವಾರ ನೋಡಿ ನಂತರ ತೀರ್ಮಾನಿಸಬಹುದು."

ಸಮೋಸ ಪೂರ್ತಿ ನಿಲ್ಲಿಸಿ ಅಂತ ಕೇಳಬಾರದು ಅಂದದ್ದು ನಾವೇ. ಬಿಸಿಲಿನಲ್ಲಿ ಸಾಮಾನು ಇಳಿಸಿ ಬರುವವನಿಗೆ ಆ ಹೊತ್ತಿಗೆ ಅದೇ ಬೇಕು, ಅವನ ಬಾಯಿಯಿಂದ ಕಿತ್ತುಕೊಂಡರೆ ಪತ್ರ ಬರೆದವನ ಮೇಲೆ ಮುನಿಸು ಬೀಳುತ್ತದೆ. ಖರ್ಜೂರವನ್ನೂ ಪಟ್ಟಿಯಿಂದ ತೆಗೆಸಿದೆವು. ಬರ್ಕತ್ತಿನ ಹಣ್ಣು, ನಿಜ, ಆದರೆ ಶುಗರ್ ಇರುವವನು ಏಳೆಂಟು ತಿಂದರೆ ಚಹಾದಲ್ಲಿ ಉಳಿಸಿದ್ದು ಅಲ್ಲಿಗೇ ಹೋಯಿತು.

ಪತ್ರವನ್ನು ಭಾನುವಾರ ಕೊಟ್ಟಿದ್ದಾರೆ. ಮ್ಯಾನೇಜರ್ ಓದಿ, "ಫ್ಲಾಸ್ಕ್ ಸ್ಟೋರಿನಲ್ಲಿ ಇದೆಯಾ ನೋಡು" ಅಂದರಂತೆ.