ಎರಡು ಸೆಂಟಿಮೀಟರ್ ಅಂದ್ರೆ "ಸ್ವಲ್ಪ"ವಾ?

ಎದೆಯ ಎಕ್ಸ್-ರೇ ರಿಪೋರ್ಟುಗಳಲ್ಲಿ ಪದೇ ಪದೇ ಕಾಣುವ ಒಂದು ಸಾಲು ನನಗೆ ಸಿಟ್ಟು ತರಿಸುತ್ತೆ: "ಶೇಕಡಾ 20 ನ್ಯೂಮೋಥೊರಾಕ್ಸ್". ಅಳೆದದ್ದು ಯಾರು ಸ್ವಾಮಿ? ಎಲ್ಲಿಂದ ಎಲ್ಲಿಗೆ?

ಮೊದಲು ಕಾಣೋದೇನು ನೋಡಿ. ಶ್ವಾಸಕೋಶ ಮತ್ತು ಎದೆಗೂಡಿನ ನಡುವೆ ಗಾಳಿ ಸೇರಿದಾಗ ಶ್ವಾಸಕೋಶ ಒಳಕ್ಕೆ ಕುಗ್ಗುತ್ತೆ. ಅದರ ಅಂಚು ಕೂದಲೆಳೆಯಂಥ ಬಿಳಿ ಗೆರೆಯಾಗಿ ಕಾಣುತ್ತೆ. ಗೆರೆಯ ಆಚೆಗೆ ರಕ್ತನಾಳಗಳ ಗುರುತೇ ಇರಲ್ಲ, ಬರೀ ಕಪ್ಪು. ನಿಂತು ತೆಗೆಸಿದ ಚಿತ್ರದಲ್ಲಿ ಇದನ್ನು ಮೊದಲು ತುದಿಯಲ್ಲಿ ಹುಡುಕಬೇಕು, ಗಾಳಿ ಮೇಲಕ್ಕೇರುತ್ತಲ್ಲ. ಚರ್ಮದ ಮಡಿಕೆಯೂ ಮೋಸ ಮಾಡುತ್ತೆ. ಆದರೆ ಅದು ಗೆರೆಯಲ್ಲ, ಬರೀ ಒಂದು ಅಂಚು. ಅದರಾಚೆಗೂ ರಕ್ತನಾಳಗಳು ಮುಂದುವರಿದಿರುತ್ತವೆ.

ಈಗ ಲೆಕ್ಕಕ್ಕೆ ಬರೋಣ. 22ರ ತೆಳ್ಳಗಿನ ಉದ್ದನೆ ಹುಡುಗ, ಇದ್ದಕ್ಕಿದ್ದಂತೆ ಎಡ ಎದೆನೋವು ಅಂತಿಟ್ಟುಕೊಳ್ಳಿ. ಚಿತ್ರದಲ್ಲಿ ಎದೆಯ ಅರ್ಧಭಾಗದ ಅಗಲ 10 ಸೆಂ.ಮೀ., ಶ್ವಾಸಕೋಶ 8, ನಡುವಿನ ಗಾಳಿ 2. ಹತ್ತರಲ್ಲಿ ಎರಡು, ಹಾಗಾಗಿ ಶೇಕಡಾ 20 ಅಂತ ಬರೆದುಬಿಡ್ತಾರೆ. ಆದರೆ ಶ್ವಾಸಕೋಶ ಕಾಗದವಲ್ಲ, ಎಲ್ಲಾ ದಿಕ್ಕಿನಿಂದಲೂ ಕುಗ್ಗುವ ಚೀಲ. ಗಾತ್ರ ಬೇಕಾದರೆ ಘನ ಮಾಡಬೇಕು. 8ರ ಘನ 512, 10ರ ಘನ 1000. ಉಳಿದದ್ದು 51, ಹೋದದ್ದು 49! ಇದೂ ಅಂದಾಜೇ. ಆದರೂ "ಸ್ವಲ್ಪ" ಅಂದದ್ದು ಹೆಚ್ಚುಕಮ್ಮಿ ಅರ್ಧ ಶ್ವಾಸಕೋಶ.

ಹಾಗಾದ್ರೆ ತಕ್ಷಣ ಎದೆಗೆ ಟ್ಯೂಬ್ ಹಾಕಬೇಕಾ? ಇಲ್ಲಿದೆ ನನ್ನ ಎರಡನೇ ತಕರಾರು. 2010ರ ಬ್ರಿಟಿಷ್ ಮಾರ್ಗಸೂಚಿ 2 ಸೆಂ.ಮೀ. ಗೆರೆ ಎಳೆದಿತ್ತು, ಅದನ್ನೇ ಮಂತ್ರದಂತೆ ಜಪಿಸುವವರು ಈಗಲೂ ಇದ್ದಾರೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನದಲ್ಲಿ, ಬೇರೆ ಶ್ವಾಸಕೋಶದ ಕಾಯಿಲೆ ಇಲ್ಲದವರ ದೊಡ್ಡ ನ್ಯೂಮೋಥೊರಾಕ್ಸನ್ನೂ ಸುಮ್ಮನೆ ಗಮನಿಸುತ್ತಾ ಬಿಟ್ಟರು. ಅವರಲ್ಲಿ ಸುಮಾರು ಶೇಕಡಾ 85 ಮಂದಿಗೆ ಟ್ಯೂಬೇ ಬೇಕಾಗಲಿಲ್ಲ. 2023ರ ಬ್ರಿಟಿಷ್ ಮಾರ್ಗಸೂಚಿಯೂ ದಾರಿ ಬದಲಿಸಿತು: ಮೊದಲು ರೋಗಿಯ ಉಸಿರಾಟ, ಆಮ್ಲಜನಕ, ರಕ್ತದೊತ್ತಡ ನೋಡಿ ಅಂತ. 2 ಸೆಂ.ಮೀ. ಈಗ ಹೇಳೋದು ಸೂಜಿ ಸುರಕ್ಷಿತವಾಗಿ ಹೋಗಲು ಜಾಗ ಇದೆಯಾ ಅಂತ. ಸೂಜಿ ಬೇಕಾ ಅಂತಲ್ಲ.

ನಮ್ಮ ಹುಡುಗ ಆರಾಮಾಗಿ ಓಡಾಡುತ್ತಿದ್ದರೆ ಮನೆಗೆ ಹೋಗಲಿ. ಎರಡರಿಂದ ನಾಲ್ಕು ದಿನದಲ್ಲಿ ಮತ್ತೆ ಬರಲಿ, ಉಸಿರು ಕಟ್ಟಿದರೆ ಆಗಲೇ ಓಡಿಬರಲಿ. ಬೀಡಿ ಸೇದಿ ಶ್ವಾಸಕೋಶ ಹಾಳಾದ 65ರ ಅಜ್ಜನಿಗೆ 1 ಸೆಂ.ಮೀ. ಕೂಡ ಜೀವಕ್ಕೆ ಕುತ್ತು, ಅವರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕು. ಇನ್ನು ರಕ್ತದೊತ್ತಡ ಕುಸಿಯುತ್ತಿದ್ದರೆ ಎಕ್ಸ್-ರೇಗೂ ಕಾಯಬಾರದು.

ಆದ್ದರಿಂದ ರಿಪೋರ್ಟ್ ಬರೆಯುವ ಮಿತ್ರರೇ, ಶೇಕಡಾ ಬಿಡಿ. ಎಲ್ಲಿ ಅಳೆದಿರಿ, ಎಷ್ಟು ಸೆಂಟಿಮೀಟರ್, ಅಷ್ಟು ಬರೆಯಿರಿ. ಟ್ಯೂಬ್ ಹಾಕುವ ಮಿತ್ರರೇ, ಚಿತ್ರದ ಜೊತೆ ರೋಗಿಯನ್ನೂ ನೋಡಿ. ಏನಂತೀರಿ?